ಬಸಿದ ನೀರು ಎಲ್ಲಿಗೆ ಹೋಗಬೇಕೆಂದು ಚೀಟಿಯಲ್ಲಿ ಬರೆದಿರಲಿಲ್ಲ

ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗದ ಡಯಾಲಿಸಿಸ್ ಕೇಂದ್ರಗಳಲ್ಲಿ ರೋಗಿಗಳ ಆಹಾರದ ಚೀಟಿ ಸಿದ್ಧಪಡಿಸುವ ವೈದ್ಯಾಧಿಕಾರಿಗಳಿಗೆ ಮತ್ತು ಆಹಾರ ತಜ್ಞರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮಪ್ಪ ಎರಡು ವರ್ಷದಿಂದ ಸೋಮವಾರ ಮತ್ತು ಗುರುವಾರ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾರೆ. ಒಂದು ಸಲಕ್ಕೆ ನಾಲ್ಕು ತಾಸು. ಖರ್ಚನ್ನು ಸರಕಾರವೇ ಭರಿಸುತ್ತದೆ, ಅದಕ್ಕೆ ನಮ್ಮ ಮನೆಯವರೆಲ್ಲ ಋಣಿಗಳು. ಯಂತ್ರ ನಡೆಸುವವರ ಬಗ್ಗೆ, ಸಿಸ್ಟರ್‌ಗಳ ಬಗ್ಗೆ ನನಗೆ ಯಾವ ದೂರೂ ಇಲ್ಲ. ನನ್ನ ದೂರು ಒಂದು ಹಾಳೆಯ ಮೇಲೆ. ಮೊದಲ ವಾರ ನಮ್ಮ ಕೈಗೆ ಕೊಟ್ಟ ಆಹಾರದ ಚೀಟಿಯ ಮೇಲೆ.

ಆ ಚೀಟಿ ಕನ್ನಡದಲ್ಲೇ ಇತ್ತು. "ಪೊಟ್ಯಾಸಿಯಂ ಹಾಗೂ ರಂಜಕ ಸಮೃದ್ಧ ಆಹಾರವನ್ನು ವರ್ಜಿಸಿ. ಬೇಳೆ ಮತ್ತು ತರಕಾರಿಗಳನ್ನು ಬೇಯಿಸಿ ನೀರು ಬಸಿದು ಉಪಯೋಗಿಸಿ. ದ್ರವ ಸೇವನೆ ದಿನಕ್ಕೆ 800 ಮಿ.ಲೀ. ಉಪ್ಪು ಮಿತವಾಗಿರಲಿ." ಕೆಳಗೆ ತಿನ್ನಬಾರದ ಹಣ್ಣುಗಳ ಪಟ್ಟಿ: ಕಿವಿ, ಅವಕಾಡೊ, ಏಪ್ರಿಕಾಟ್, ಒಣ ಪ್ಲಮ್, ಬಾಳೆ, ಕಿತ್ತಳೆ. ಮೊದಲ ನಾಲ್ಕನ್ನು ನಮ್ಮೂರ ಸಂತೆಯಲ್ಲಿ ನಾನು ಕಂಡಿಲ್ಲ. ನಮ್ಮ ಮನೆಯಲ್ಲಿ ದಿನವೂ ಕುಡಿಯುವ ಅಂಬಲಿ, ಮಜ್ಜಿಗೆ, ಸಾರು, ಬ್ಯಾಸಿಗೆಯ ಎಳನೀರು ಈ ಯಾವುದರ ಹೆಸರೂ ಅದರಲ್ಲಿ ಇರಲಿಲ್ಲ. ಮನೆಯಲ್ಲಿ ಅಡಿಗೆ ಮಾಡುವವಳು ನಮ್ಮವ್ವ. ಅವಳಿಗೆ ಓದಲು ಬರುವುದಿಲ್ಲ. ಚೀಟಿ ಓದಿ ಹೇಳಿದವಳು ನಾನು. ಹಾಗಾಗಿ ಮುಂದೆ ಆದದ್ದರಲ್ಲಿ ನನ್ನ ಪಾಲೂ ಇದೆ. ನನಗೂ ಆ ವಾಕ್ಯಗಳ ಅರ್ಥ ಆಗಿದೆ ಎಂದುಕೊಂಡಿದ್ದೆ.

ಅವ್ವ ಆ ಚೀಟಿಯನ್ನು ಮೀರಲಿಲ್ಲ. ಇದನ್ನು ತಾವು ದಯವಿಟ್ಟು ಗಮನಿಸಬೇಕು. "ರೋಗಿಗಳು ಹೇಳಿದ ಮಾತು ಕೇಳೋದಿಲ್ಲ" ಎಂದು ಕೇಂದ್ರದಲ್ಲಿ ಹಲವು ಸಲ ಕೇಳಿದ್ದೇನೆ. ನಮ್ಮವ್ವ ಕುಕ್ಕರ್ ಎತ್ತಿಟ್ಟು, ಅಗಲವಾದ ಪಾತ್ರೆಯಲ್ಲಿ ತೊಗರಿಬೇಳೆಯನ್ನು ಬಹಳ ನೀರು ಹಾಕಿ ಕುದಿಸಿ, ಚೀಟಿಯಲ್ಲಿ ಹೇಳಿದ ಹಾಗೆಯೇ ಬಸಿದಳು. ಬಸಿದ ಬೇಳೆಯನ್ನು ಪಲ್ಯಕ್ಕೆ ಹಾಕಿದಳು. ಬಸಿದ ನೀರಿಗೆ ಹುಣಸೆಹಣ್ಣು, ಖಾರ, ಮಸಾಲೆ ಹಾಕಿ ಒಗ್ಗರಣೆ ಕೊಟ್ಟು ಕಟ್ಟಿನ ಸಾರು ಮಾಡಿದಳು. ಬೇಳೆ ಇಲ್ಲದ ತಿಳಿ ಸಾರು, ಹೊಟ್ಟೆಗೆ ಹಗುರ, ಕಾಯಿಲೆಯವರಿಗೆ ಒಳ್ಳೆಯದು ಎಂದು ಅಪ್ಪನ ಅನ್ನಕ್ಕೆ ಅದನ್ನೇ ಎರಡೆರಡು ವಾಟಿ ಹಾಕಿದಳು.

ಮಾನ್ಯರೇ, ನಮ್ಮ ಕಡೆ ಕಟ್ಟು ಚೆಲ್ಲುವ ಹೆಂಗಸು ಇಲ್ಲ. ಹೋಳಿಗೆ ಮಾಡಿದ ದಿನ ಹೂರಣದ ಬೇಳೆ ಬಸಿದ ಕಟ್ಟಿನಲ್ಲೇ ಸಾರು ಆಗುತ್ತದೆ. ಮೈಸೂರು, ಹಾಸನದ ಕಡೆಯವರು ಸೊಪ್ಪು ಕಾಳು ಬೇಯಿಸಿ ಬಸಿದು, ಆ ನೀರಿನಲ್ಲಿ ಬಸ್ಸಾರು ಮಾಡುತ್ತಾರೆ. ಬಸಿಯುವುದು ಎಂದರೆ ಕನ್ನಡದ ಅಡಿಗೆಮನೆಯಲ್ಲಿ ಒಂದರಿಂದ ಎರಡು ಮಾಡುವುದು. ಎಸೆಯುವುದು ಅಲ್ಲ. ನಿಮ್ಮ ಚೀಟಿ ಬರೆದವರಿಗೆ ಬಸಿಯುವುದು ಎಂದರೆ ಎಸೆಯುವುದು. ಈ ಎರಡು ಅರ್ಥಗಳ ನಡುವೆ ನಮ್ಮಪ್ಪ ಸಿಕ್ಕಿಕೊಂಡರು.

ಪೊಟ್ಯಾಸಿಯಂ ನೀರಿನಲ್ಲಿ ಕರಗುವ ಉಪ್ಪಿನಂಥ ವಸ್ತು. ಬೇಳೆ, ಬಟಾಟೆ, ಸೊಪ್ಪನ್ನು ಬಹಳ ನೀರಿನಲ್ಲಿ ಕುದಿಸಿದರೆ ಅದು ಕಾಯಿಪಲ್ಲೆ ಬಿಟ್ಟು ನೀರಿಗೆ ಇಳಿಯುತ್ತದೆ. ಕುದಿಸಿ ಎಂದು ನೀವು ಹೇಳುವುದು ಅದಕ್ಕಾಗಿಯೇ. ಅಂದರೆ ಇಡೀ ಪಾತ್ರೆಯಲ್ಲಿ ಅಪ್ಪನಿಗೆ ಬೇಡವಾದದ್ದು ಯಾವುದೋ ಅದು ಆ ಕಟ್ಟಿನಲ್ಲೇ ಸೇರಿತ್ತು. ಮನೆಯ ಉಳಿದವರು ಬೇಳೆ ತಿಂದೆವು, ರೋಗಿ ಕಟ್ಟು ಕುಡಿದರು.

ಎರಡು ತಿಂಗಳ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 5.9, ಆಮೇಲೆ 6.1 ಬಂತು. ಸಾಮಾನ್ಯವಾಗಿ ಅದು 3.5ರಿಂದ 5ರ ಆಸುಪಾಸಿನಲ್ಲಿ ಇರಬೇಕು. "ಹಣ್ಣು ಕಡಿಮೆ ಮಾಡಿ" ಎಂದರು. ಅಪ್ಪ ಹಣ್ಣು ಬಿಟ್ಟು ಎರಡು ತಿಂಗಳಾಗಿತ್ತು. "ಉಪ್ಪೂ ಕಡಿಮೆ ಮಾಡಿ" ಎಂದರು. ಅದಕ್ಕೆ ನಾನೇ ಪ್ಯಾಟಿಯ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವರು, ಬಿ.ಪಿ. ಇದ್ದವರು, ಕಿಡ್ನಿಯವರು ಇದನ್ನೇ ಒಯ್ಯುತ್ತಾರೆಂದು, ಸೋಡಿಯಂ ಕಡಿಮೆ ಇರುವ ಉಪ್ಪಿನ ಪ್ಯಾಕೆಟ್ ಕೊಟ್ಟರು. ಸಾದಾ ಉಪ್ಪಿಗಿಂತ ದುಬಾರಿ, ಆದರೂ ಅಪ್ಪನಿಗಾಗಿ ತಂದೆ. ಅಂಥ ಉಪ್ಪಿನಲ್ಲಿ ತೆಗೆದ ಸೋಡಿಯಂ ಜಾಗಕ್ಕೆ ಹಾಕುವುದು ಪೊಟ್ಯಾಸಿಯಂ ಕ್ಲೋರೈಡ್ ಎಂದು ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಇತ್ತು. ನಾನು ಓದಿರಲಿಲ್ಲ. ಓದಿದ್ದರೂ ಆಗ ನನಗೆ ಏನೂ ಹೊಳೆಯುತ್ತಿರಲಿಲ್ಲ.

ಅದರ ಲೆಕ್ಕವನ್ನು ಆಮೇಲೆ ಕೂತು ಮಾಡಿದೆ. ಇಂಥ ಉಪ್ಪಿನಲ್ಲಿ ನೂರಕ್ಕೆ 30 ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇದ್ದರೆ, ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ ಉಪ್ಪಿನಿಂದ ಸುಮಾರು 800 ಮಿಲಿಗ್ರಾಂ ಪೊಟ್ಯಾಸಿಯಂ ಹೊಟ್ಟೆಗೆ ಹೋಗುತ್ತದೆ. ಅದು ಎರಡು ಬಾಳೆಹಣ್ಣಿಗೆ ಸಮ. ಡಯಾಲಿಸಿಸ್ ರೋಗಿಗೆ ಇಡೀ ದಿನಕ್ಕೆ ಎರಡು, ಎರಡೂವರೆ ಸಾವಿರ ಮಿಲಿಗ್ರಾಂ ಒಳಗೇ ಇರಿ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪಿನ ಬಗ್ಗೆ ಸಲಹೆ ಹೊರಡಿಸಿದಾಗಲೂ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಸಲಹೆ ಅನ್ವಯಿಸುವುದಿಲ್ಲ ಎಂದು ಬಿಡಿಸಿ ಹೇಳಿದೆ. ಆ ಒಂದು ಮಾತು ನಮ್ಮ ಚೀಟಿಯಲ್ಲಿ ಇರಲಿಲ್ಲ.

ಕಳೆದ ಮೇ ತಿಂಗಳ ಒಂದು ಭಾನುವಾರ ಬಿಸಿಲು ಜೋರಾಗಿತ್ತು. ಗುರುವಾರದ ಡಯಾಲಿಸಿಸ್ ಆಗಿ ಮೂರು ದಿನ ಕಳೆದಿತ್ತು. ವಾರದಲ್ಲಿ ಅದೇ ಉದ್ದನೆಯ ಅಂತರ, ರಕ್ತದಲ್ಲಿ ಎಲ್ಲವೂ ಗುಡ್ಡೆ ಬೀಳುವುದು ಆಗಲೇ. ನೋಡಲು ಬಂದ ಸೋದರತ್ತೆ "ಬಿಸಿಲಿಗೆ ತಂಪು" ಎಂದು ಎಳನೀರು ತಂದಿದ್ದರು. ಒಂದು ಎಳನೀರಿನಲ್ಲಿ ಸುಮಾರು 300 ಮಿ.ಲೀ. ನೀರು, ಅದರಲ್ಲಿ 600 ಮಿಲಿಗ್ರಾಂ ಹತ್ತಿರ ಪೊಟ್ಯಾಸಿಯಂ. ಮಧ್ಯಾಹ್ನಕ್ಕೂ ರಾತ್ರಿಗೂ ಕಟ್ಟಿನ ಸಾರು, ಅದಕ್ಕೆ ಹೊಸ ಉಪ್ಪು.

ಸೋಮವಾರ ಬೆಳಗ್ಗೆ ಅಪ್ಪ ಹೊರಸಿನಿಂದ ಏಳಲು ಹೋಗಿ ಕೂತುಬಿಟ್ಟರು. "ಕಾಲು ಸತ್ತಂಗ ಆಗ್ಯಾವ. ತುಟಿ ಸುತ್ತ ಜುಮುಜುಮು ಅಂತೈತಿ" ಎಂದರು. ನೋವಿಲ್ಲ, ಜ್ವರವಿಲ್ಲ. ರಾತ್ರಿ ನಿದ್ದೆ ಇಲ್ಲದ ಸುಸ್ತು ಎಂದುಕೊಂಡೆವು. ಹೇಗೂ ಡಯಾಲಿಸಿಸ್ ದಿನ, ಬಸ್ ಹಿಡಿದೇ ಹೋದೆವು. ಪೊಟ್ಯಾಸಿಯಂ ಏರಿದಾಗ ಅದು ಕೂಗಿ ಹೇಳುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಕೆಲವರಿಗೆ ಈ ಸೋತ ಕಾಲೂ ಇರುವುದಿಲ್ಲ, ನೇರವಾಗಿ ಹೃದಯದ ಬಡಿತವೇ ತಪ್ಪುತ್ತದೆ. ಕೇಂದ್ರದಲ್ಲಿ ನಾಡಿ ನೋಡಿದ ಸಿಸ್ಟರ್ ಕೂಡಲೇ ಇ.ಸಿ.ಜಿ. ತೆಗೆಸಿದರು. ಗೆರೆಗಳು ಚೂಪಾಗಿ ಎದ್ದಿದ್ದವು. ರಕ್ತದಲ್ಲಿ ಪೊಟ್ಯಾಸಿಯಂ 7.1. ಹೃದಯ ನಿಲ್ಲದಂತೆ ಮೊದಲು ಕ್ಯಾಲ್ಸಿಯಂ ಚುಚ್ಚುಮದ್ದು ಕೊಟ್ಟು, ಉಳಿದವರನ್ನು ಕಾಯಿಸಿ, ಅಪ್ಪನನ್ನು ಮೊದಲು ಯಂತ್ರಕ್ಕೆ ಹಾಕಿದರು.

ಆ ಹೊತ್ತಿನಲ್ಲಿ ಎಲ್ಲರೂ ಕೇಳಿದ್ದು ಒಂದೇ: "ಪೊಟ್ಯಾಸಿಯಂ ಇರೋದು ಏನಾದ್ರೂ ತಿಂದ್ರಾ?" ನಾವು ಇಲ್ಲ ಎಂದೆವು. ಸುಳ್ಳು ಹೇಳಲಿಲ್ಲ. ನಮಗೆ ತಿಳಿದ ಮಟ್ಟಿಗೆ ತಿಂದಿರಲಿಲ್ಲ. ಕುಷ್ಟಗಿ ಕಡೆಯ ಒಬ್ಬ ಸಿಸ್ಟರ್ ಮಾತ್ರ ಅವ್ವನ ಪಕ್ಕ ಕೂತು ಬೇರೆ ರೀತಿ ಕೇಳಿದರು.

"ಯವ್ವಾ, ನಿನ್ನೆ ಏನ್ ಸಾರು ಮಾಡಿದ್ರಿ?"

"ಕಟ್ಟಿನ ಸಾರು ಮಾಡೀನವ್ವ. ಬ್ಯಾಳಿ ಬಸದೇ ಮಾಡೀನಿ."

"ಬಸದ ನೀರು?"

"ಅದ್ರಾಗೇ ಸಾರು. ಮತ್ತ ಸತ್ವ ಎಲ್ಲಾ ಚೆಲ್ಲಾಕ ಆಕ್ಕತೇನು?"

"ಆ ಸತ್ವದಾಗೇ ಪೊಟ್ಯಾಸಿಯಂ ಐತ್ರಿ ಯವ್ವಾ. ಯಪ್ಪನ ಸಲುವಾಗಿ ಅದನ್ನ ಚೆಲ್ಲಾಕ ಬೇಕು."

ಅವ್ವ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ನಾನೇ ಕೊಟ್ಟೆನಲ್ಲವ್ವ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚೀಟಿಯಲ್ಲಿ ಬರೆದದ್ದನ್ನು ಚಾಚೂ ತಪ್ಪದೆ ಮಾಡಿದವಳ ಮೇಲೆ ಆ ಭಾರ ಬೀಳಬಾರದಿತ್ತು. ಈ ಪತ್ರವನ್ನು ನಾನು ಬರೆಯುತ್ತಿರುವುದು ಆ ಕಾರಣಕ್ಕೆ.

ಆ ಸಿಸ್ಟರ್ ಕೇಳಿದ ಪ್ರಶ್ನೆಯಲ್ಲೇ ನನ್ನ ಮೊದಲ ಬೇಡಿಕೆ ಇದೆ. ಚೀಟಿಯನ್ನು ವಸ್ತುವಿನ ಹೆಸರಿನಲ್ಲಿ ಬರೆಯಬೇಡಿ, ಅಡಿಗೆಯ ಹೆಸರಿನಲ್ಲಿ ಬರೆಯಿರಿ. ಅವ್ವ ಪೊಟ್ಯಾಸಿಯಂ ಮಾಡುವುದಿಲ್ಲ, ಕಟ್ಟಿನ ಸಾರು ಮಾಡುತ್ತಾಳೆ. ಬರೆಯುವುದಾದರೆ ಹೀಗೆ ಬರೆಯಬಹುದು: "ಬೇಳೆಯನ್ನು ತೊಳೆದು, ನೆನೆಸಿ, ಆ ನೀರು ಚೆಲ್ಲಿ. ಕುಕ್ಕರ್ ಬೇಡ, ತೆರೆದ ಪಾತ್ರೆಯಲ್ಲಿ ಬಹಳ ನೀರಿಟ್ಟು ಕುದಿಸಿ. ಬಸಿದ ಕಟ್ಟನ್ನು ರೋಗಿಗೆ ಕೊಡಬೇಡಿ, ಅದರಲ್ಲಿ ಸಾರು ಮಾಡಬೇಡಿ. ಬಸಿದ ಬೇಳೆಗೆ ಹೊಸ ನೀರು ಹಾಕಿ ಅಡಿಗೆ ಮಾಡಿ." ಬೇಳೆಯ ಪ್ರೋಟೀನು ಬಹುಪಾಲು ಬೇಳೆಯಲ್ಲೇ ಉಳಿಯುತ್ತದೆ ಎಂದೂ ಸೇರಿಸಿ. ಸತ್ವ ಹೋಯಿತು ಎಂಬ ಅವ್ವಂದಿರ ಸಂಕಟಕ್ಕೆ ಅದು ಉತ್ತರ. ಕುದಿಸಿದಾಗ ಕೆಲವು ಜೀವಸತ್ವಗಳು ನೀರಿಗೆ ಹೋಗುವುದು ನಿಜ, ಅದರ ಸಲುವಾಗಿಯೇ ಗುಳಿಗೆ ಕೊಡುತ್ತೀರಿ ಎಂಬುದನ್ನೂ ಹೇಳಿಬಿಡಿ.

ಬಟಾಟೆಯ ಬಗ್ಗೆಯೂ ಒಂದು ಮಾತು. "ರಾತ್ರಿ ನೀರಿನಲ್ಲಿ ನೆನೆಸಿಡಿ, ಸಾಕು" ಎಂದು ಕೇಂದ್ರದ ಹೊರಗೆ ಕೂತ ರೋಗಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಬರೀ ನೆನೆಸಿದರೆ ಹೋಗುವುದು ಅತ್ಯಲ್ಪ. ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಬಹಳ ನೀರಿನಲ್ಲಿ ಕುದಿಸಿ ಆ ನೀರು ಚೆಲ್ಲಿದರೆ ಅರ್ಧದಷ್ಟು ಹೋಗುತ್ತದೆ. ಹೋಳು ಸಣ್ಣದಾದಷ್ಟೂ ಹೆಚ್ಚು. ಇಡೀ ಬಟಾಟೆಯನ್ನು ಸಿಪ್ಪೆ ಸಹಿತ ಕುದಿಸಿದರೆ ಪ್ರಯೋಜನ ಕಡಿಮೆ. ಪುಂಡಿಪಲ್ಲೆ ಮಾಡುವಾಗ ಹುಳಿ ತೆಗೆಯಲು ನಮ್ಮ ಹೆಂಗಸರು ಕುದಿಸಿ ಹಿಂಡಿ ನೀರು ಚೆಲ್ಲುತ್ತಾರೆ. "ರಾಜಗಿರಿಯನ್ನೂ, ಉಳಿದ ಸೊಪ್ಪನ್ನೂ ಪುಂಡಿಪಲ್ಲೆಯ ಹಾಗೆ ಹಿಂಡಿರಿ" ಎಂದರೆ ಯಾವ ಅವ್ವನಿಗೂ ಎರಡನೇ ಮಾತು ಬೇಕಾಗಿಲ್ಲ. ಆ ಕೈಕೆಲಸ ಅವರಿಗೆ ಬರುತ್ತದೆ. ಯಾವುದಕ್ಕೆ ಅದನ್ನು ಬಳಸಬೇಕು ಎಂಬುದಷ್ಟೇ ಗೊತ್ತಿಲ್ಲ.

ಇನ್ನು ರೊಟ್ಟಿ. ಚೀಟಿಯಲ್ಲಿ ಇಡ್ಲಿ, ಅನ್ನ, ಬ್ರೆಡ್ ಇತ್ತು, ಜೋಳದ ರೊಟ್ಟಿ ಇರಲಿಲ್ಲ. ಬರೆದಿಲ್ಲದ್ದು ಬೇಡವಾದದ್ದು ಎಂದು ತಿಳಿದು ಅಪ್ಪ ಆರು ತಿಂಗಳು ರೊಟ್ಟಿ ಮುಟ್ಟಲಿಲ್ಲ. ಹುಟ್ಟಿದಾಗಿನಿಂದ ರೊಟ್ಟಿ ಉಂಡವರು ರೊಟ್ಟಿ ಬಿಟ್ಟರೆ ಊಟವನ್ನೇ ಬಿಟ್ಟಂತೆ. ಮೈ ಇಳಿಯಿತು. ಜೋಳದಲ್ಲಿ ಅಕ್ಕಿಗಿಂತ ಪೊಟ್ಯಾಸಿಯಂ, ರಂಜಕ ಹೆಚ್ಚು ಎಂಬುದು ದಿಟ. ಆದರೆ 35 ಗ್ರಾಂ ಹಿಟ್ಟಿನ ಒಂದು ತೆಳು ರೊಟ್ಟಿಯಲ್ಲಿ ಇರುವ ಪೊಟ್ಯಾಸಿಯಂ ಬಾಳೆಹಣ್ಣಿನ ಮೂರನೇ ಒಂದು ಪಾಲಿನಷ್ಟು. ಕಾಳಿನ ರಂಜಕವೂ ಹಾಲು, ಮಾಂಸದಲ್ಲಿನ ರಂಜಕದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಬೇರೆ ಊರಿನ ಆಹಾರ ತಜ್ಞರೊಬ್ಬರು ಅಪ್ಪನ ರಕ್ತದ ವರದಿ ನೋಡಿ ಊಟಕ್ಕೆ ಒಂದು ರೊಟ್ಟಿ ಬಿಟ್ಟುಕೊಟ್ಟರು. ಜೊತೆಗೆ ಇನ್ನೊಂದು ಮಾತು ಹೇಳಿದರು. ಡಯಾಲಿಸಿಸ್ ಶುರುವಾಗುವ ಮುಂಚೆ ಪ್ರೋಟೀನ್ ಕಡಿಮೆ ಮಾಡಬೇಕು, ಶುರುವಾದ ಮೇಲೆ ಹೆಚ್ಚಿಸಬೇಕು, ಏಕೆಂದರೆ ಯಂತ್ರದಲ್ಲಿ ಸ್ವಲ್ಪ ಸೋರಿಹೋಗುತ್ತದೆ. ನಮಗೆ ಕೊಟ್ಟಿದ್ದ ಚೀಟಿ ಎರಡೂ ಬಗೆಯ ರೋಗಿಗಳಿಗೆ ಒಂದೇ ಆಗಿತ್ತು. ಈಗ ಅಪ್ಪ ದಿನಾ ಎರಡು ಮೊಟ್ಟೆಯ ಬಿಳಿ ಭಾಗ ತಿನ್ನುತ್ತಾರೆ. ಅದರಲ್ಲಿ ಪ್ರೋಟೀನ್ ಇದೆ, ರಂಜಕ ತೀರ ಕಡಿಮೆ.

ನೀರಿನ ವಿಷಯಕ್ಕೆ ಬರುತ್ತೇನೆ. "ದ್ರವ 800 ಮಿ.ಲೀ." ಎಂಬುದನ್ನು ನಾನು ಅವ್ವನಿಗೆ "ನೀರು ಮುಕ್ಕಾಲು ಲೀಟರ್ ಮ್ಯಾಲ ಕೊಡಬ್ಯಾಡ" ಎಂದು ಹೇಳಿದೆ. ದ್ರವ ಎಂಬುದನ್ನು ನೀರು ಎಂದು ಮಾಡಿದ್ದು ನನ್ನ ತಪ್ಪು. ಅಪ್ಪ ನೀರನ್ನು ಅಷ್ಟಕ್ಕೇ ಬಿಗಿಹಿಡಿದರು. ನೀರಡಿಕೆಯಾದಾಗ ಮಜ್ಜಿಗೆ ಕುಡಿದರು. ಆ ಭಾನುವಾರದ ಲೆಕ್ಕ ಬರೆದಿಟ್ಟಿದ್ದೇನೆ. ಬೆಳಗ್ಗೆ ಒಂದು ಲೋಟ ಅಂಬಲಿ 300 ಮಿ.ಲೀ., ಎರಡು ಸಲ ಚಹಾ 200, ಮಜ್ಜಿಗೆ 400, ಸಾರು 300, ಎಳನೀರು 300. ಒಟ್ಟು ಒಂದೂವರೆ ಲೀಟರ್. ಅಪ್ಪನ ಪ್ರಕಾರ ಇದರಲ್ಲಿ ಯಾವುದೂ ನೀರಲ್ಲ. ನೀರು ಎಂದು ಕುಡಿದದ್ದು 700. ಹೀಗೆ 2,200 ಆಯಿತು. ಅವರಿಗೆ ಮೂತ್ರ ಬರುವುದು ಹೆಚ್ಚುಕಡಿಮೆ ನಿಂತೇ ಹೋಗಿದೆ. ಒಳಗೆ ಹೋದ ಒಂದು ಲೀಟರ್ ನೀರು ಹೊರಗೆ ಬರದಿದ್ದರೆ ತೂಕದಲ್ಲಿ ಒಂದು ಕೆಜಿ. ಸೋಮವಾರ ತೂಕದ ಯಂತ್ರದ ಮೇಲೆ ನಿಂತಾಗ ಅವರು ಹೆಚ್ಚಿನ ನೀರೆಲ್ಲ ತೆಗೆದ ಮೇಲಿನ ತಮ್ಮ 54 ಕೆಜಿ ಒಣ ತೂಕಕ್ಕಿಂತ 5 ಕೆಜಿ ಹೆಚ್ಚಿದ್ದರು. ಎರಡು, ಎರಡೂವರೆ ದಾಟಬಾರದು ಎಂದು ಕೇಂದ್ರದವರು ಹೇಳುತ್ತಾರೆ. ಅಷ್ಟು ನೀರನ್ನು ನಾಲ್ಕೇ ತಾಸಿನಲ್ಲಿ ತೆಗೆಯಹೋದರೆ ಬಿ.ಪಿ. ಕುಸಿಯುತ್ತದೆ, ಕಾಲು ಹಿಡಿದುಕೊಳ್ಳುತ್ತದೆ. ಅಪ್ಪನಿಗೆ ಆ ದಿನ ಎರಡೂ ಆದವು.

ಈಗ ನಾವು ಮಾಡುವುದು ಬಹಳ ಸಾದಾ. ಬೆಳಗ್ಗೆ ಒಂದು ಲೀಟರಿನ ಬಾಟಲಿಯಲ್ಲಿ 800ರ ಗೆರೆ ಎಳೆದು ಅಲ್ಲಿಯವರೆಗೆ ನೀರು ತುಂಬುತ್ತೇವೆ. ಅಪ್ಪ ಕುಡಿಯುವ ನೀರನ್ನು ಅದರಿಂದಲೇ ತೆಗೆದುಕೊಳ್ಳುತ್ತಾರೆ. ಚಹಾ ಕುಡಿದರೆ ಒಂದು ಕಪ್ಪಿನಷ್ಟು ನೀರನ್ನು ಬಾಟಲಿಯಿಂದ ಬೇರೆ ಕೊಡಕ್ಕೆ ಸುರಿಯುತ್ತಾರೆ. ಸಾರು ಬಡಿಸಿಕೊಂಡರೆ ಒಂದು ವಾಟಿ, ಮಜ್ಜಿಗೆಗೆ ಅರ್ಧ ಲೋಟ. ಐಸ್ ತುಂಡು ಬಾಯಲ್ಲಿಟ್ಟರೂ ಅದರ ಲೆಕ್ಕ. ಬಾಟಲಿ ಬರಿದಾಯಿತೆಂದರೆ ಆ ದಿನದ್ದು ಮುಗಿಯಿತು. ಅವ್ವನಿಗೆ ಮಿ.ಲೀ. ತಿಳಿಯಬೇಕಿಲ್ಲ, ಬಾಟಲಿ ಕಣ್ಣಿಗೆ ಕಾಣುತ್ತದೆ. "ಹರಿಯೋದು ಎಲ್ಲಾ ನೀರೇ" ಎಂದು ಅವಳೇ ಒಂದು ಮಾತು ಕಟ್ಟಿಕೊಂಡಿದ್ದಾಳೆ. ನಿಮ್ಮ ಚೀಟಿಯಲ್ಲಿ "ದ್ರವ" ಎಂಬ ಪದ ತೆಗೆದು ಈ ಮಾತನ್ನು ಹಾಕಿದರೆ ನಮ್ಮವ್ವನಿಗೆ ಸಂತೋಷವಾಗುತ್ತದೆ.

ನೀರಡಿಕೆಯ ಮೂಲ ಉಪ್ಪು. ಅದನ್ನು ಬಿಟ್ಟು ನೀರನ್ನಷ್ಟೇ ಹಿಡಿದಿಟ್ಟರೆ ಬಿಸಿಲು ನಾಡಿನಲ್ಲಿ ಮನುಷ್ಯ ತಡೆದುಕೊಳ್ಳಲಾರ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಒಗ್ಗರಣಿ ಮಿರ್ಚಿ ಇವುಗಳ ಹೆಸರನ್ನೇ ಹೇಳಿ. ಮಿರ್ಚಿಯ ಹಿಟ್ಟಿಗೆ ಹಾಕುವ ಅಡಿಗೆ ಸೋಡಾದಲ್ಲೂ ಸೋಡಿಯಂ ಇದೆ ಎಂದು ಹೇಳಿ. ಉಪ್ಪು ತಗ್ಗಿಸಿದ ಎರಡನೇ ವಾರಕ್ಕೆ ಅಪ್ಪನ ನೀರಡಿಕೆ ಕಡಿಮೆಯಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೂರನೆಯದು ರಂಜಕ. ಈ ಪದವನ್ನು ನಾನು ಆರನೇ ತರಗತಿಯ ಮಕ್ಕಳಿಗೆ ಪಾಠ ಮಾಡಿದ್ದೇನೆ, ಆದರೂ ಅದು ಯಾವ ಅಡಿಗೆಯಲ್ಲಿದೆ ಎಂದು ಹೇಳಲು ನನಗೆ ಬರಲಿಲ್ಲ. ಅಪ್ಪನಿಗೆ ಮೈಯೆಲ್ಲ ತುರಿಕೆ ಇತ್ತು. ಬೆನ್ನು ಕೆರೆದುಕೊಂಡು ರಕ್ತ ಬರುತ್ತಿತ್ತು. ತುರಿಕೆ ಎಂದರೆ ನಮ್ಮಲ್ಲಿ ನಂಜು, ನಂಜು ಎಂದರೆ ಬದನೆಕಾಯಿ. ಅವ್ವ ಬದನೆಕಾಯಿ ನಿಲ್ಲಿಸಿದಳು. ನಿಶ್ಶಕ್ತಿಗೆಂದು ರಾತ್ರಿ ದೊಡ್ಡ ಲೋಟ ಹಾಲು ಕೊಟ್ಟಳು, ಬಾಯಿ ರುಚಿಗೆ ಶೇಂಗಾ ಹಿಂಡಿ ಬಡಿಸಿದಳು. ತುರಿಕೆ ತಂದ ರಂಜಕ ಇದ್ದದ್ದು ಆ ಹಾಲಿನಲ್ಲಿ, ಆ ಹಿಂಡಿಯಲ್ಲಿ. ಬದನೆಕಾಯಿಯಲ್ಲಿ ಅದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ರಕ್ತದಲ್ಲಿ ಡಯಾಲಿಸಿಸ್ ರೋಗಿಗೆ 5.5 ದಾಟದಿರಲಿ ಎನ್ನುವ ಜಾಗದಲ್ಲಿ ಅಪ್ಪನದು 7.4 ಇತ್ತು. ಕೋಲಾದಂಥ ಕಪ್ಪು ತಂಪು ಪಾನೀಯ, ಕೆಲವು ಪ್ಯಾಕೆಟ್ ತಿನಿಸುಗಳಿಗೆ ಬೆರೆಸುವ ಫಾಸ್ಫೇಟ್ ರೂಪದ ರಂಜಕ ಇನ್ನೂ ಕೆಟ್ಟದ್ದು, ಅದು ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ.

ಆದರೆ ಇಲ್ಲಿ ನನ್ನ ಮುಖ್ಯ ದೂರು ಗುಳಿಗೆಯ ಬಗ್ಗೆ. ರಂಜಕ ಹಿಡಿಯುವ ಗುಳಿಗೆಯನ್ನು ಅಪ್ಪನಿಗೆ ಮೊದಲಿನಿಂದ ಕೊಟ್ಟಿದ್ದರು. ಪೊಟ್ಟಣದ ಮೇಲೆ "ಊಟದ ನಂತರ" ಎಂದು ಬರೆದಿತ್ತು. ಅಪ್ಪ ಊಟ ಮಾಡಿ, ಎಲೆ ಅಡಿಕೆ ಹಾಕಿ, ಒಂದು ನಿದ್ದೆ ತೆಗೆದು, ಮೂರು ಗಂಟೆಗೆ ಎದ್ದು ಗುಳಿಗೆ ನುಂಗುತ್ತಿದ್ದರು. ಅದೂ ಊಟದ ನಂತರವೇ. ಈ ಗುಳಿಗೆ ಉಳಿದ ಗುಳಿಗೆಗಳ ಹಾಗೆ ರಕ್ತಕ್ಕೆ ಹೋಗಿ ಕೆಲಸ ಮಾಡುವುದಲ್ಲ. ಹೊಟ್ಟೆಯಲ್ಲಿ ಅನ್ನದ ಜೊತೆ ಕಲೆತು, ಅದರಲ್ಲಿನ ರಂಜಕವನ್ನು ಅಲ್ಲೇ ಹಿಡಿದು, ಮಲದಲ್ಲಿ ಹೊರಗೆ ಒಯ್ಯುವಂಥದ್ದು. ಅನ್ನ ಮುಂದೆ ಸಾಗಿದ ಮೇಲೆ ನುಂಗಿದರೆ ಹಿಡಿಯಲು ಏನೂ ಇರುವುದಿಲ್ಲ. ಎಂಟು ತಿಂಗಳ ಗುಳಿಗೆ ಹೀಗೆ ವ್ಯರ್ಥವಾಯಿತು. "ಎರಡು ತುತ್ತು ಉಂಡು ಗುಳಿಗೆ ನುಂಗಿ, ಆಮೇಲೆ ಉಳಿದ ಊಟ ಮಾಡಿ. ಊಟ ಮಾಡದಿದ್ದರೆ ಆ ಹೊತ್ತಿನ ಗುಳಿಗೆ ಬೇಡ" ಎಂದು ಬರೆಯಲು ಎರಡು ಸಾಲು ಸಾಕು. ಈಗ ಅವ್ವ ಗುಳಿಗೆಯನ್ನು ಅಪ್ಪನ ತಾಟಿನ ಅಂಚಿನಲ್ಲೇ ಇಡುತ್ತಾಳೆ, ಉಪ್ಪಿನಕಾಯಿ ಇಡುತ್ತಿದ್ದ ಜಾಗದಲ್ಲಿ. ಹಾಲು ನಿಂತು, ಹಿಂಡಿ ಒಂದು ಚಿಟಿಕೆಗೆ ಇಳಿದು, ಗುಳಿಗೆ ತಾಟಿಗೆ ಬಂದ ಮೇಲೆ ಎರಡು ತಿಂಗಳಲ್ಲಿ 7.4 ಇದ್ದದ್ದು 5.6ಕ್ಕೆ ಬಂತು. ಬೆನ್ನಿನ ಗಾಯ ಮಾದವು. ಬದನೆಕಾಯಿ ಎಣ್ಣೆಗಾಯಿ ಶೇಂಗಾ ಕಡಿಮೆ ಮಾಡಿಕೊಂಡು ತಾಟಿಗೆ ಮರಳಿದೆ.

ಇದನ್ನು ಓದುವ ಉಳಿದ ರೋಗಿಗಳ ಮನೆಯವರಿಗೆ ಒಂದು ಮಾತು ಹೇಳಿ ಮತ್ತೆ ತಮ್ಮ ಕಡೆ ತಿರುಗುತ್ತೇನೆ. ಅಪ್ಪನ ಲೆಕ್ಕ ಅಪ್ಪನದು. ಡಯಾಲಿಸಿಸ್ ಇನ್ನೂ ಶುರುವಾಗದವರಿಗೆ, ಮೂತ್ರ ಚೆನ್ನಾಗಿ ಬರುವವರಿಗೆ, ರಕ್ತದಲ್ಲಿ ಪೊಟ್ಯಾಸಿಯಂ ಸರಿಯಾಗಿ ಇರುವವರಿಗೆ ಇಷ್ಟು ಕಟ್ಟುನಿಟ್ಟು ಬೇಕಾಗದೆ ಇರಬಹುದು, ಕೆಲವರಿಗೆ ಅದರಿಂದ ತೊಂದರೆಯೂ ಆದೀತು. 800 ಎಂಬುದು ನಿಮ್ಮ ಗೆರೆ ಅಲ್ಲ. ನಿಮ್ಮ ವರದಿ ಹಿಡಿದು ನಿಮ್ಮ ವೈದ್ಯರನ್ನೇ ಕೇಳಿ. ಆದರೆ ಕೇಳುವಾಗ "ಏನು ತಿನ್ನಬಹುದು" ಎನ್ನಬೇಡಿ. ನಿನ್ನೆ ಮನೆಯಲ್ಲಿ ಏನು ಅಡಿಗೆ ಆಯಿತು, ಹೇಗೆ ಮಾಡಿದಿರಿ ಎಂಬುದನ್ನು ಹೇಳಿ.

ಮಾನ್ಯರೇ, ನಾನು ಕೇಳುವುದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಬೇರೆ ಕಡೆಯ ಚೀಟಿಯನ್ನು ಅನುವಾದ ಮಾಡುವುದನ್ನು ಬಿಟ್ಟು, ನಮ್ಮ ಮೂರು ಜಿಲ್ಲೆಗಳ ಅಡಿಗೆಯಿಂದಲೇ ಹೊಸ ಚೀಟಿ ಬರೆಯಿಸಿ. ಸೋಡಿಯಂ ಕಡಿಮೆ ಉಪ್ಪು ಕಿಡ್ನಿ ರೋಗಿಗೆ ಬೇಡ ಎಂಬುದು ಅದರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಇರಲಿ. ಡಯಾಲಿಸಿಸ್ ಮುಂಚಿನವರಿಗೆ ಬೇರೆ, ನಂತರದವರಿಗೆ ಬೇರೆ ಹಾಳೆ ಇರಲಿ. ಓದಲು ಬಾರದವರಿಗಾಗಿ ಅದನ್ನೇ ನಮ್ಮ ಕಡೆಯ ಮಾತಿನಲ್ಲಿ ಧ್ವನಿಮುದ್ರಿಸಿ ಮೊಬೈಲಿಗೆ ಕಳಿಸಿ. ರಾಯಚೂರು, ಬಳ್ಳಾರಿಯಲ್ಲಿ ತೆಲುಗು, ಉರ್ದು ಮನೆಮಾತಿನವರು ಬಹಳ ಇದ್ದಾರೆ, ಅವರಿಗೂ ಅವರ ಮಾತಿನಲ್ಲಿ ಸಿಗಲಿ.

ಅದಕ್ಕಿಂತ ಮುಖ್ಯವಾದದ್ದು, ಚೀಟಿಯನ್ನು ರೋಗಿಯ ಕೈಗೆ ಕೊಟ್ಟು ಕಳಿಸಬೇಡಿ. ಅಡಿಗೆ ಮಾಡುವವರನ್ನು ಒಂದು ದಿನ ಕರೆಯಿಸಿ. ಡಯಾಲಿಸಿಸ್ ನಡೆಯುವ ನಾಲ್ಕು ತಾಸೂ ಅವರು ಹೊರಗಿನ ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಾರೆ. ಹದಿನೈದು ನಿಮಿಷ ಹೇಳಿ, ಕೊನೆಗೆ ಅವರ ಬಾಯಿಂದಲೇ ತಿರುಗಿ ಹೇಳಿಸಿ: "ನಾಳೆ ಬೇಳೆ ಹೆಂಗ ಮಾಡ್ತೀರಿ?" ಆಗ ಅವರು ಕಟ್ಟಿನ ಸಾರಿನ ಹೆಸರು ತೆಗೆದರೆ ತಪ್ಪು ಅಲ್ಲೇ ಸಿಗುತ್ತದೆ. ನಮ್ಮ ಮನೆಯಲ್ಲಿ ಅದು ಸಿಕ್ಕಿದ್ದು 7.1 ಆದ ಮೇಲೆ.

ಏಪ್ರಿಲ್, ಮೇ ತಿಂಗಳಲ್ಲಿ ನನಗೆ ಶಾಲೆ ರಜೆ. ಅವ್ವ ಹೇಳಿದ ಹಾಗೆ ನಮ್ಮ ಮನೆಯ 42 ಅಡಿಗೆಗಳ ಹೆಸರನ್ನು, ಒಂದೊಂದಕ್ಕೆ ಏನೇನು ಹಾಕುತ್ತಾಳೆ, ನೀರು ಎಷ್ಟು, ಯಾವ ಅಳತೆಯ ವಾಟಿ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಪ್ರತಿ ಅಡಿಗೆಯ ಎದುರಿನ ಕಾಲಮ್ಮು ಖಾಲಿ ಇದೆ. ಯಾವುದು ಆಗುತ್ತದೆ, ಯಾವುದು ಬೇಡ, ಯಾವುದನ್ನು ಹೇಗೆ ಬದಲಿಸಬೇಕು ಎಂದು ಅದನ್ನು ತುಂಬಬೇಕಾದವರು ತಾವು. ತಾವು ಹೇಳಿದ ದಿನ, ಸೋಮವಾರವಾಗಲಿ ಗುರುವಾರವಾಗಲಿ, ಅವ್ವನನ್ನೂ ಆ ನೋಟ್‌ಬುಕ್ಕನ್ನೂ ಕರೆದುಕೊಂಡು ಬರುತ್ತೇನೆ. ಹೇಗೂ ಆ ದಿನಗಳಲ್ಲಿ ನಾವು ಅಲ್ಲೇ ಇರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಗಂಗಾವತಿ ತಾಲ್ಲೂಕಿನ ಒಬ್ಬ ಶಿಕ್ಷಕಿ